ನಮಸ್ಕಾರ ಅಂದರೂ ತಿರುಗಿ ನೋಡದ ನಗರ

ಪ್ರಶ್ನೆ: "ನನಗೆ 34 ವರ್ಷ. ಹುಟ್ಟಿ ಬೆಳೆದಿದ್ದು, ಮದುವೆಯಾದ ಮೇಲೆ ಇದ್ದಿದ್ದು, ಎಲ್ಲ ಸಣ್ಣ ಊರಿನಲ್ಲೇ. ಎಂಟು ತಿಂಗಳ ಹಿಂದೆ ನನ್ನ ಗಂಡನ ಕೆಲಸಕ್ಕಾಗಿ ದೊಡ್ಡ ನಗರಕ್ಕೆ ಬಂದೆವು. ನಮ್ಮೂರಲ್ಲಿ ಪರಿಚಯ ಇರಲಿ ಬಿಡಲಿ, ಎದುರಿಗೆ ಸಿಕ್ಕವರನ್ನು ಮಾತಾಡಿಸೋದು ರೂಢಿ. ಇಲ್ಲಿ ಲಿಫ್ಟ್‌ನಲ್ಲಿ ಪಕ್ಕದಲ್ಲೇ ನಿಂತವರಿಗೆ ನಮಸ್ಕಾರ ಅಂದರೆ ಮೊಬೈಲ್ ನೋಡ್ತಾರೆ. ಒಬ್ಬ ಗಂಡಸು ಮಾತ್ರ ಚೆನ್ನಾಗಿ ಮಾತಾಡಿದರು, ಆಮೇಲೆ ಎರಡು ದಿನ ನನಗಾಗಿಯೇ ಕಾದು ನಿಂತ ಹಾಗಿತ್ತು, ಭಯವಾಯಿತು. ಈಗ ನಾನೂ ತಲೆ ತಗ್ಗಿಸಿ ಓಡಾಡ್ತೀನಿ. ಇಲ್ಲಿ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅನ್ನಿಸುತ್ತೆ. ಮೊನ್ನೆ ಊರಿಗೆ ಹೋದಾಗ ಯಾರನ್ನೋ ಗಮನಿಸದೆ ದಾಟಿ ಹೋದೆನಂತೆ, 'ಈಗ ದೊಡ್ಡವಳಾಗಿಬಿಟ್ಟಿದ್ದಾಳೆ' ಅಂದರಂತೆ. ನಗರದವರು ಇಷ್ಟು ಕಲ್ಲುಮನಸ್ಸಿನವರಾ? ನಾನೂ ಹಾಗೇ ಆಗ್ತಿದ್ದೀನಾ? ನಾನು ಏನು ಮಾಡಬೇಕು?"

ಉತ್ತರ: ಮೊದಲು ಮನಸ್ಸಿನ ವಿಷಯ. ನಗರದವರ ಮನಸ್ಸು ಕಲ್ಲಾಗಿರುತ್ತೆ ಅನ್ನುವುದು ನಿಜವಲ್ಲ. ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಅದೇ ನಗರದ ಜನ ರಜೆಯಲ್ಲಿ ಒಂದು ಬೆಟ್ಟ ಹತ್ತುತ್ತಾರೆ ಅಂದುಕೊಳ್ಳಿ. ದಾರಿಯಲ್ಲಿ ಹತ್ತು ನಿಮಿಷಕ್ಕೊಬ್ಬರು ಎದುರಾಗುತ್ತಾರೆ. ಅಲ್ಲಿ ಅವರೇ ಮೊದಲು ನಗುತ್ತಾರೆ, "ಇನ್ನೆಷ್ಟು ದೂರ ಇದೆ?" ಅಂತ ಕೇಳುತ್ತಾರೆ. ಇನ್ನು ಸಣ್ಣ ಊರಿನಲ್ಲಿ ವರ್ಷಕ್ಕೊಮ್ಮೆ ಸಾವಿರಾರು ಜನ ಸೇರುವ ದಿನ ನೆನಪಿಸಿಕೊಳ್ಳಿ. ಆ ದಿನ ನಿಮ್ಮೂರಿನವರೂ ಎದುರಿಗೆ ಬಂದ ಪ್ರತಿಯೊಬ್ಬರನ್ನೂ ಮಾತಾಡಿಸುವುದಿಲ್ಲ. ಗುಂಪಿನಲ್ಲಿ ದಾರಿ ಮಾಡಿಕೊಂಡು ಹೋಗುತ್ತಾರೆ ಅಷ್ಟೇ. ಎರಡೂ ಕಡೆ ಜನ ಬದಲಾಗಲಿಲ್ಲ. ಬದಲಾಗಿದ್ದು ಎಷ್ಟು ಜನ ಎದುರಾಗುತ್ತಾರೆ ಅನ್ನುವ ಲೆಕ್ಕ.

ಆ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಸಣ್ಣ ಊರಿನ ಬೀದಿಯಲ್ಲಿ ಹತ್ತು ನಿಮಿಷ ನಡೆದರೆ ಸುಮಾರು 10 ಜನ ಸಿಗಬಹುದು. ಒಬ್ಬರ ಮುಖ ನೋಡಿ, ಯಾರು ಅಂತ ಗುರುತಿಸಿ, ನಕ್ಕು, ಒಂದು ಮಾತು ಆಡಲು 3 ಸೆಕೆಂಡ್ ಅಂತ ಇಟ್ಟುಕೊಳ್ಳಿ. ಒಟ್ಟು ಅರ್ಧ ನಿಮಿಷ. ಏನೂ ಕಷ್ಟವಿಲ್ಲ. ಈಗ ನಗರದ ಗಿಜಿಗುಡುವ ಫುಟ್‌ಪಾತ್‌ಗೆ ಬನ್ನಿ. ಎರಡು ಸೆಕೆಂಡ್‌ಗೆ ಒಬ್ಬರು ಎದುರಾದರೂ ಹತ್ತು ನಿಮಿಷಕ್ಕೆ 300 ಜನ ಆಯಿತು. ಪ್ರತಿಯೊಬ್ಬರಿಗೂ ಅದೇ 3 ಸೆಕೆಂಡ್ ಕೊಟ್ಟರೆ 15 ನಿಮಿಷ ಬೇಕು. ನಡೆಯುವುದೇ ಹತ್ತು ನಿಮಿಷ! ಅಂದರೆ ಎಷ್ಟು ಒಳ್ಳೆಯ ಮನಸ್ಸಿದ್ದರೂ ಅದು ಆಗುವ ಕೆಲಸವೇ ಅಲ್ಲ. ಹಾಗಾಗಿ ಮನಸ್ಸು ಒಂದು ದಾರಿ ಕಂಡುಕೊಳ್ಳುತ್ತದೆ. ಗೊತ್ತಿಲ್ಲದ ಮುಖಗಳನ್ನು ನೋಡುವುದನ್ನೇ ಬಿಡುತ್ತದೆ.

ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1970ರಲ್ಲಿ ಇದನ್ನೇ ವಿವರಿಸಿದರು. ನಗರದಲ್ಲಿ ಮನಸ್ಸಿನ ಮೇಲೆ ಬಂದು ಬೀಳುವ ಮುಖ, ಸದ್ದು, ಬೇಡಿಕೆಗಳು ಅದು ಹೊರಬಲ್ಲ ಭಾರಕ್ಕಿಂತ ಜಾಸ್ತಿ. ಆದ್ದರಿಂದ ಜನ ಪ್ರತಿಯೊಂದಕ್ಕೂ ಕಡಿಮೆ ಸಮಯ ಕೊಡುತ್ತಾರೆ, ಮುಖ್ಯವಲ್ಲದ್ದನ್ನು ಬಿಟ್ಟುಬಿಡುತ್ತಾರೆ, ಬೇರೆಯವರು ಹತ್ತಿರ ಬಾರದಂತೆ ಮುಖ ಬಿಗಿ ಮಾಡಿಕೊಳ್ಳುತ್ತಾರೆ ಅಂದರು. 1977ರಲ್ಲಿ ಇಬ್ಬರು ಸಂಶೋಧಕರು ಇದನ್ನು ಬೀದಿಗಿಳಿದು ಪರೀಕ್ಷಿಸಿದರು. ಫಿಲಡೆಲ್ಫಿಯಾ ನಗರ, ಅದರ ಹೊರವಲಯದ ಬ್ರಿನ್ ಮಾರ್, ಇನ್ನೂ ದೂರದ ಸಣ್ಣ ಊರು ಪಾರ್ಕ್ಸ್‌ಬರ್ಗ್ – ಈ ಮೂರೂ ಕಡೆ ಅಂಚೆ ಕಚೇರಿ ಮತ್ತು ಅಂಗಡಿ ಬಾಗಿಲಲ್ಲಿ ನಿಂತು ಬಂದವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ನಗರದಲ್ಲಿ ತಿರುಗಿ ನೋಡಿದವರು ತೀರಾ ಕಡಿಮೆ, ಸಣ್ಣ ಊರಿನಲ್ಲಿ ಬಹಳ ಜಾಸ್ತಿ, ಹೊರವಲಯದ್ದು ಎರಡರ ನಡುವೆ. ನಮಸ್ಕಾರ ಹೇಳುವ ಮಾತು ಹಾಗಿರಲಿ, ಕಣ್ಣು ಎತ್ತಿ ನೋಡುವುದರಲ್ಲೇ ಇಷ್ಟು ವ್ಯತ್ಯಾಸ.

ಆದರೆ ಬರೀ ಗುಂಪಿನ ಲೆಕ್ಕದಿಂದ ನಿಮ್ಮ ಲಿಫ್ಟ್‌ನ ವಿಷಯ ಅರ್ಥವಾಗುವುದಿಲ್ಲ, ಅಲ್ವಾ? ಲಿಫ್ಟ್‌ನಲ್ಲಿ ಇರೋದೇ ಮೂರು ಜನ. ಇಲ್ಲಿ ಕೆಲಸ ಮಾಡುವುದು ಬೇರೆ ಎರಡು ಕಾರಣ.

ಒಂದು, ಮತ್ತೆ ಸಿಗುತ್ತಾರಾ ಅನ್ನುವ ಪ್ರಶ್ನೆ. ಐದು ಸಾವಿರ ಜನರ ಊರಿನಲ್ಲಿ ಇವತ್ತು ಸಿಕ್ಕ ಹೊಸ ಮುಖ ಈ ವಾರದಲ್ಲೇ ಇನ್ನೊಮ್ಮೆ ಸಿಗುತ್ತದೆ. ಅದೂ ಅಲ್ಲದೆ ಅಲ್ಲಿ ಪೂರ್ತಿ ಅಪರಿಚಿತ ಅನ್ನುವವರು ಕಡಿಮೆ. "ಇವರು ಇಂಥವರ ಮನೆಗೆ ಬಂದಿರಬೇಕು" ಅಂತ ಎರಡು ಮಾತಿನಲ್ಲಿ ನೆಂಟಸ್ತನವೋ ಕೆಲಸವೋ ಗೊತ್ತಾಗಿಬಿಡುತ್ತದೆ. ಹಾಗಾಗಿ ಅಲ್ಲಿ ಆಡಿದ ಒಂದು ಮಾತು ವ್ಯರ್ಥವಾಗುವುದಿಲ್ಲ. ಆಡದಿದ್ದರೂ ಅದು ಗಮನಕ್ಕೆ ಬರುತ್ತದೆ, ನಾಲ್ಕು ಜನರ ಬಾಯಿಗೆ ಬೀಳುತ್ತದೆ. ನಿಮಗೆ ಊರಲ್ಲಿ ಆದದ್ದು ಅದೇ. ನಗರದಲ್ಲಿ ನಮಸ್ಕಾರ ಹೇಳಿದರೂ ಲಾಭವಿಲ್ಲ, ಹೇಳದಿದ್ದರೂ ಯಾರೂ ಲೆಕ್ಕ ಇಡುವುದಿಲ್ಲ.

ಇನ್ನೊಂದು, ಸುಮ್ನೆ ಇರುವುದೇ ಅಲ್ಲಿ ಒಂದು ಮರ್ಯಾದೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಇದರ ಬಗ್ಗೆ ಬಹಳ ಸೂಕ್ಷ್ಮವಾಗಿ ಬರೆದರು. ಅಪರಿಚಿತರು ಹತ್ತಿರ ಬಂದಾಗ ಒಂದು ಕ್ಷಣ ಒಬ್ಬರನ್ನೊಬ್ಬರು ನೋಡುತ್ತಾರೆ, ಕೂಡಲೇ ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ಮೊದಲ ನೋಟ "ನೀವು ಇದ್ದೀರಿ ಅಂತ ಗೊತ್ತು" ಅನ್ನುತ್ತದೆ, ಕಣ್ಣು ತಿರುಗಿಸುವುದು "ನಿಮ್ಮಿಂದ ನನಗೆ ಏನೂ ಬೇಕಾಗಿಲ್ಲ, ಹೆದರಬೇಡಿ" ಅನ್ನುತ್ತದೆ. ಲಿಫ್ಟ್‌ನಂತಹ ಇಕ್ಕಟ್ಟಿನ ಜಾಗದಲ್ಲಿ ಈ ಮರ್ಯಾದೆ ಇನ್ನೂ ಬಿಗಿಯಾಗುತ್ತದೆ, ಯಾಕೆಂದರೆ ಮಾತು ಇಷ್ಟವಿಲ್ಲದಿದ್ದರೆ ಅಲ್ಲಿಂದ ಎದ್ದು ಹೋಗುವ ಹಾಗಿಲ್ಲ. ನೀವು ನಮಸ್ಕಾರ ಅಂದಾಗ ಅವರು ಮೊಬೈಲ್ ನೋಡಿದ್ದು ನಿಮ್ಮನ್ನು ತಳ್ಳಿಹಾಕಲು ಅಂತಲೇ ಆಗಬೇಕಿಲ್ಲ. ಎಷ್ಟೋ ಜನ ಏನು ಹೇಳಬೇಕು ಅಂತ ತೋಚದೆ ಹಾಗೆ ಮಾಡುತ್ತಾರೆ. ನನ್ನ ಹತ್ತಿರ ಬರುವವರಲ್ಲಿ ಇಂಥ ಲಿಫ್ಟ್‌ನ ಎರಡೂ ಕಡೆಯವರು ಇದ್ದಾರೆ. ಮಾತಾಡಿಸಿ ಉತ್ತರ ಸಿಗದೆ ಕುಗ್ಗಿದವರು ಇದ್ದಾರೆ. "ಅವರು ಮಾತಾಡಿಸಿದರು, ನಾನು ಮೂಕನ ಹಾಗೆ ನಿಂತೆ, ಆಮೇಲೆ ಇಡೀ ದಿನ ಬೇಜಾರಾಯಿತು" ಅನ್ನುವವರೂ ಇದ್ದಾರೆ.

ಹಾಗಾದರೆ ಇದರಿಂದ ನಿಮಗೆ ನೋವಾಗುವುದು ಸುಳ್ಳಾ? ಖಂಡಿತ ಅಲ್ಲ. ಕಾರಣ ಏನೇ ಇರಲಿ, ಗಾಯ ಗಾಯವೇ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಆವರಣದಲ್ಲಿ ಮಾಡಿದ್ದು. ದಾರಿಯಲ್ಲಿ ಹೋಗುವವರಲ್ಲಿ ಕೆಲವರ ಕಣ್ಣು ನೋಡಿದರು, ಕೆಲವರ ಕಣ್ಣು ನೋಡಿ ನಕ್ಕರು, ಇನ್ನು ಕೆಲವರ ಕಡೆಗೆ ನೋಡಿದರೂ ಅಲ್ಲಿ ಯಾರೂ ಇಲ್ಲವೇನೋ ಅನ್ನುವ ಹಾಗೆ, ಗಾಳಿಯನ್ನು ನೋಡಿದ ಹಾಗೆ ಆಚೆ ನೋಡಿದರು. ಸ್ವಲ್ಪ ಮುಂದೆ ಇನ್ನೊಬ್ಬರು ಅವರನ್ನು ನಿಲ್ಲಿಸಿ, ಈ ಒಂದು ನಿಮಿಷದಲ್ಲಿ ಬೇರೆಯವರಿಂದ ಎಷ್ಟು ದೂರವಾದ ಹಾಗೆ ಅನ್ನಿಸಿತು ಅಂತ ಕೇಳಿದರು. ಗಾಳಿಯಂತೆ ನೋಡಿಸಿಕೊಂಡವರಿಗೆ ಆ ದೂರ ಜಾಸ್ತಿ ಅನ್ನಿಸಿತ್ತು. ಒಂದೇ ಒಂದು ನೋಟಕ್ಕೆ, ಅದೂ ಗೊತ್ತೇ ಇಲ್ಲದವರ ನೋಟಕ್ಕೆ! ಇದು ಆ ಕ್ಷಣದ ಭಾವನೆ, ಜೀವನವಿಡೀ ಉಳಿಯುವಂಥದ್ದಲ್ಲ ಅನ್ನುವುದೂ ನಿಜ. ಆದರೆ ನಿಮಗೆ ಇದು ಎಂಟು ತಿಂಗಳಿಂದ ದಿನಾ ಆಗುತ್ತಿದೆ. ಅಲ್ಲಿನವರೇ ಆದವರಿಗೆ ಆಫೀಸು, ಹಳೆಯ ಸ್ನೇಹಿತರು, ನೆಂಟರು ಅಂತ ಬೇರೆ ಕಡೆ ಗುರುತು ಇದೆ, ಬೀದಿಯಲ್ಲಿ ಸಿಗದಿದ್ದರೂ ನಡೆಯುತ್ತದೆ. ನಗರದವರಿಗೆ ಆಪ್ತರೇ ಕಡಿಮೆ ಅನ್ನುವುದು ತಪ್ಪು ಕಲ್ಪನೆ, ಅವರ ಆಪ್ತತೆ ಬೀದಿಯಲ್ಲಿ ಕಾಣಿಸುವುದಿಲ್ಲ ಅಷ್ಟೇ. ಹೊಸದಾಗಿ ಬಂದ ನಿಮಗೆ ಬೀದಿ, ಮೆಟ್ಟಿಲು, ಲಿಫ್ಟ್ ಇಷ್ಟೇ ಇರುವುದು. ಅದಕ್ಕೇ ನಿಮಗೆ ಜಾಸ್ತಿ ತಟ್ಟುತ್ತಿದೆ.

ಸಣ್ಣ ಊರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಅಲ್ಲಿ ಮಾತಾಡಿಸಿದ್ದೆಲ್ಲ ಪ್ರೀತಿಯೇ ಅಂತ ಅಲ್ಲ. "ಯಾವ ಕಡೆಯಿಂದ ಬಂದಿರಿ? ಯಾರ ಮನೆಗೆ?" ಅನ್ನುವುದರಲ್ಲಿ ಆದರವೂ ಇದೆ, ವಿಚಾರಣೆಯೂ ಇದೆ. ಸಣ್ಣ ಊರಿಗೆ ಹೊಸದಾಗಿ ಹೋಗಿ ನೆಲೆಸಿದವರನ್ನು ನಾನು ಕೇಳಿದ್ದೇನೆ. ದಿನಾ ಹತ್ತು ಜನ ಮಾತಾಡಿಸುತ್ತಾರೆ, ಆದರೂ ಹತ್ತು ವರ್ಷವಾದ ಮೇಲೂ "ಹೊರಗಿನವರು" ಅನ್ನುವುದು ತಪ್ಪಿಲ್ಲ ಅನ್ನುತ್ತಾರೆ. ಅಂದರೆ ನಮಸ್ಕಾರ ಸಿಕ್ಕ ಮಾತ್ರಕ್ಕೆ ನಾವು ಆ ಜಾಗದವರು ಆಗಿಬಿಡುವುದಿಲ್ಲ. ನಿಮಗೆ ಊರಲ್ಲಿ ಹಿತವಾಗಿದ್ದದ್ದು ಆ ಮಾತಿಗಿಂತ ಹೆಚ್ಚಾಗಿ, ಅದರ ಹಿಂದೆ ಇದ್ದ ಗುರುತು. ನೀವು ಎರಡು ದಿನ ಕಾಣಿಸದಿದ್ದರೆ ಯಾರಾದರೂ ಕೇಳುತ್ತಿದ್ದರು, ಅದು. ನಿಮಗೆ ಬೇಕಾದದ್ದು ಈ ಗುರುತು ಅಂತ ಇಟ್ಟುಕೊಂಡರೆ, ಮಾಡುವ ಕೆಲಸ ಬಹಳ ಸಣ್ಣದಾಗುತ್ತದೆ.

ಯಾಕೆಂದರೆ ಆ ಗುರುತಿನ ಅರ್ಧ ಭಾಗ ನಗರದಲ್ಲೂ ಆಗಲೇ ಇದೆ, ಮಾತಿಲ್ಲದೆ ಬಿದ್ದಿದೆ. ಮಿಲ್‌ಗ್ರಾಂ ಮತ್ತು ಅವರ ವಿದ್ಯಾರ್ಥಿಗಳು 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ಗೆ ಹೋಗುವ ರೈಲು ನಿಲ್ದಾಣಗಳಲ್ಲಿ ಬೆಳಗ್ಗೆ ಕಾದು ನಿಂತವರ ಫೋಟೊ ತೆಗೆದರು. ಆಮೇಲೆ ಅದೇ ಫೋಟೊಗಳನ್ನು ಅದೇ ಪ್ರಯಾಣಿಕರಿಗೆ ಕೊಟ್ಟು ಯಾರ್‍ಯಾರು ಗೊತ್ತು ಅಂತ ಕೇಳಿದರು. ಹೆಚ್ಚಿನವರಿಗೆ, ದಿನಾ ನೋಡುತ್ತಿದ್ದರೂ ಒಮ್ಮೆಯೂ ಮಾತಾಡಿಸದ ಮುಖಗಳು ಇದ್ದವು, ಸರಾಸರಿ 4. ಅವರ ಬಗ್ಗೆ ಕುತೂಹಲವೂ ಇತ್ತು. ಇಂಥ ಮುಖಪರಿಚಯ ಬೆಲೆಯಿಲ್ಲದ್ದಲ್ಲ. ಮಿಲ್‌ಗ್ರಾಂ ಹೇಳುವ ಒಂದು ಘಟನೆಯಲ್ಲಿ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಬೀದಿಯಲ್ಲಿ ಒಬ್ಬ ಹೆಂಗಸು ಕುಸಿದು ಬೀಳುತ್ತಾಳೆ. ವರ್ಷಗಟ್ಟಲೆ ಅವಳನ್ನು ನೋಡಿ ಮಾತ್ರ ಗೊತ್ತಿದ್ದ ಇನ್ನೊಬ್ಬಳು ಕೂಡಲೇ ಆಂಬುಲೆನ್ಸ್ ಕರೆಸಿ ಆಸ್ಪತ್ರೆಯವರೆಗೂ ಜೊತೆಗೆ ಹೋಗುತ್ತಾಳೆ. ಒಂದು ತೊಡಕು ಮಾತ್ರ ಇದೆ. ಮಾತಾಡದೆ ಎಷ್ಟು ಕಾಲ ಕಳೆಯುತ್ತದೋ ಮೊದಲ ಮಾತು ಅಷ್ಟು ಕಷ್ಟವಾಗುತ್ತದೆ. ನಿಮಗೆ ಎಂಟು ತಿಂಗಳಷ್ಟೇ ಆಗಿರುವುದು, ಇನ್ನೂ ಹೊತ್ತು ಮೀರಿಲ್ಲ.

ಇದು ನಿಜಕ್ಕೂ ಹೇಗೆ ನಡೆಯುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ನಿವೃತ್ತಿಯಾಗಿ ಮಗನ ಮನೆಗೆ ಬಂದ ಒಬ್ಬ ಹಿರಿಯರು ನನ್ನಲ್ಲಿಗೆ ಬಂದಿದ್ದರು. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.) ಅವರೂ ನಿಮ್ಮ ಹಾಗೇ ಎದುರಾದವರಿಗೆಲ್ಲ ನಮಸ್ಕಾರ ಹೇಳಿ, ಉತ್ತರ ಸಿಗದೆ, ಕೊನೆಗೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದರು. ಎಷ್ಟು ಗಂಟೆಗೆ ವಾಕಿಂಗ್ ಹೋಗುತ್ತಿದ್ದಿರಿ ಅಂತ ಕೇಳಿದೆ. "ಮನಸ್ಸು ಬಂದಾಗ" ಅಂದರು. ತೊಂದರೆ ಇದ್ದದ್ದು ಅಲ್ಲೇ. ಸಣ್ಣ ಊರಿನಲ್ಲಿ ಯಾವಾಗ ಹೊರಟರೂ ಅದೇ ಜನ ಸಿಗುತ್ತಾರೆ. ನಗರದಲ್ಲಿ ಹದಿನೈದು ನಿಮಿಷ ಆಚೀಚೆ ಆದರೆ ಜನವೇ ಬೇರೆ, ಅಂದರೆ ದಿನಾ ಹೊಸ ಅಪರಿಚಿತರು. ಬೆಳಗ್ಗೆ ಆರೂವರೆ ಅಂತ ಗಟ್ಟಿ ಮಾಡಿಕೊಳ್ಳಿ, ಅದೇ ದಾರಿ ಹಿಡಿಯಿರಿ, ಮೊದಲ ವಾರ ಯಾರಿಗೂ ಏನೂ ಹೇಳಬೇಡಿ, ಯಾರು ಮತ್ತೆ ಮತ್ತೆ ಕಾಣಿಸುತ್ತಾರೆ ಅಂತ ಮಾತ್ರ ನೋಡಿ ಅಂದೆ. ವಾರದಲ್ಲಿ ಐದು ಮುಖಗಳನ್ನು ಗುರುತಿಟ್ಟುಕೊಂಡರು: ಗೇಟಿನ ಸೆಕ್ಯೂರಿಟಿಯವರು, ಪೇಪರ್ ಹಾಕುವ ಹುಡುಗ, ನಾಯಿ ಕರೆದುಕೊಂಡು ಬರುವ ಒಬ್ಬರು, ಜೊತೆಯಾಗಿ ನಡೆಯುವ ದಂಪತಿ. ಎರಡನೇ ವಾರ ಬರೀ ತಲೆ ಆಡಿಸಿದರು. ನಾಯಿಯವರು ತಿರುಗಿ ತಲೆ ಆಡಿಸಲಿಲ್ಲ. ದಂಪತಿ ಆಡಿಸಿದರು. ಮೂರನೇ ವಾರದಲ್ಲಿ ಒಂದು ದಿನ ಮಳೆಯಿಂದ ದಾರಿಯಲ್ಲಿ ನೀರು ನಿಂತಿತ್ತು, ಎಲ್ಲರೂ ಒಂದೇ ಕಡೆ ಸುತ್ತಿ ಬರಬೇಕಾಯಿತು. ಅಲ್ಲಿ ಮೊದಲು ಮಾತಾಡಿದ್ದು ನಾಯಿಯವರೇ, "ಆ ಕಡೆ ಇನ್ನೂ ಜಾಸ್ತಿ ಇದೆ, ಈ ಕಡೆಯಿಂದ ಬನ್ನಿ" ಅಂತ. ಆಮೇಲೆ ಒಮ್ಮೆ ಜ್ವರ ಬಂದು ಮೂರು ದಿನ ಇವರು ಹೋಗಲಿಲ್ಲ. ನಾಲ್ಕನೇ ದಿನ ಸೆಕ್ಯೂರಿಟಿಯವರು "ಎಲ್ಲಿ ಸಾರ್, ಕಾಣಲೇ ಇಲ್ಲ?" ಅಂತ ಕೇಳಿದರಂತೆ. ನನಗೆ ಅದನ್ನು ಹೇಳುವಾಗ ಅವರ ದನಿಯೇ ಬೇರೆ ಆಗಿತ್ತು.

ನಿಮ್ಮ ವಿಷಯದಲ್ಲೂ ಕ್ರಮ ಇದೇ ಇರಲಿ. ಎಲ್ಲರಿಗೂ ನಮಸ್ಕಾರ ಹೇಳುವುದನ್ನು ಬಿಡಿ, ಅದು ನಿಮ್ಮನ್ನು ಸುಸ್ತು ಮಾಡುತ್ತದೆ. ದಿನದಲ್ಲಿ ಒಂದು ಹೊತ್ತು, ಒಂದು ದಾರಿ ಗಟ್ಟಿ ಮಾಡಿಕೊಳ್ಳಿ. ಮೂರು ಸಲ ಕಂಡವರಿಗೆ ಮಾತ್ರ ತಲೆ ಆಡಿಸಿ. ಅವರು ತಿರುಗಿ ಆಡಿಸಿದರೆ ಮುಂದಿನ ಸಲ ನಮಸ್ಕಾರ. ಅದಾದ ಮೇಲೆ ಇಬ್ಬರ ಎದುರಿಗೂ ಇರುವ ವಿಷಯದ ಬಗ್ಗೆ ಒಂದೇ ಒಂದು ವಾಕ್ಯ – ಲಿಫ್ಟ್ ನಿಧಾನ, ನೀರು ಬಂದಿಲ್ಲ, ಬಸ್ಸು ತಡ. ಮನೆ, ಮಕ್ಕಳು, ಕೆಲಸ, ಊರು ಇವುಗಳ ಬಗ್ಗೆ ಮೊದಲೇ ಕೇಳಬೇಡಿ. ಊರಲ್ಲಿ ಅದು ಆದರ, ಇಲ್ಲಿ ವಿಚಾರಣೆಯ ಹಾಗೆ ಕೇಳಿಸುತ್ತದೆ. ಲಿಫ್ಟ್ ಒಳಗಿಗಿಂತ ಲಿಫ್ಟಿಗೆ ಕಾಯುವ ಜಾಗ ಒಳ್ಳೆಯದು, ಅಲ್ಲಿ ಅವರಿಗೆ ಪಕ್ಕಕ್ಕೆ ಸರಿಯುವ ಅವಕಾಶ ಇರುತ್ತದೆ.

ಸರಿಹೋಗುತ್ತಿಲ್ಲ ಅಂತ ಹೇಗೆ ಗೊತ್ತಾಗುತ್ತದೆ? ನೀವು ಹತ್ತಿರ ಬರುವ ಮೊದಲೇ ಅವರು ಫೋನ್ ಎತ್ತಿಕೊಂಡರೆ, ನಡಿಗೆ ಜೋರು ಮಾಡಿದರೆ, ಮುಖ ನೋಡದೆ ಒಂದೇ ಪದದಲ್ಲಿ ಉತ್ತರಿಸಿದರೆ ಅವರಿಗೆ ಬೇಡ ಅಂತ ಅರ್ಥ. ಒಂದು ಸಲ ಹಾಗಾದರೆ ಲೆಕ್ಕಕ್ಕೆ ಇಡಬೇಡಿ, ಅವರ ತಲೆಯಲ್ಲಿ ಏನೋ ಇರಬಹುದು. ಎರಡು ಮೂರು ಸಲ ಆದರೆ ಬಿಟ್ಟುಬಿಡಿ. ಐದರಲ್ಲಿ ಇಬ್ಬರು ಸಿಕ್ಕರೂ ಸಾಕು.

ಎಲ್ಲಿಂದ ಶುರು ಮಾಡುವುದು ಅಂದರೆ, ಕೆಲಸದ ಮೇಲೆ ಅಲ್ಲೇ ಇರುವವರಿಂದ. ಸೆಕ್ಯೂರಿಟಿಯವರು, ಗುಡಿಸುವವರು, ಬಸ್ ಚಾಲಕರು. ಅವರು ದಿನಾ ಅದೇ ಜಾಗದಲ್ಲಿ ಇರುತ್ತಾರೆ, ಮಾತಾಡಿಸಲು ಕಾರಣವೂ ಇರುತ್ತದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಟರ್ಕಿಯ ಅಂಕಾರಾದಲ್ಲಿ ಪ್ರಯಾಣಿಕರಿಗೆ ಬಸ್ ಚಾಲಕರಿಗೆ ನಮಸ್ಕಾರವೋ ಧನ್ಯವಾದವೋ ಹೇಳಿ ಅಂದಿದ್ದರು. ಹಾಗೆ ಹೇಳಿದವರಿಗೆ ಸುಮ್ನೆ ಕೂತವರಿಗಿಂತ ಮನಸ್ಸು ಹೆಚ್ಚು ಹಗುರವಾಗಿತ್ತು. ಗಮನಿಸಿ, ಹಗುರವಾದದ್ದು ಹೇಳಿದವರಿಗೇ.

ಈಗ ಆ ಗಂಡಸಿನ ವಿಷಯ. ನಿಮ್ಮ ಭಯ ಸರಿಯಾದದ್ದೇ, ಅದನ್ನು ತಳ್ಳಿಹಾಕಬೇಡಿ. ಸಣ್ಣ ಊರಿನಲ್ಲಿ ಯಾರಾದರೂ ಹಾಗೆ ಕಾದು ನಿಂತರೆ ಸಂಜೆಯೊಳಗೆ ಅವರ ಮನೆಯವರಿಗೆ ಸುದ್ದಿ ಹೋಗುತ್ತದೆ, ಆ ಹೆದರಿಕೆಯೇ ಅಲ್ಲಿ ಕಾವಲು. ನಗರದಲ್ಲಿ ಆ ಕಾವಲು ಇಲ್ಲ. ಹೆಂಗಸರು ಅಪರಿಚಿತರ ಕಡೆ ನೋಡದೆ ಹೋಗುವುದಕ್ಕೆ ಇದೇ ದೊಡ್ಡ ಕಾರಣ, ಅದನ್ನು ಗರ್ವ ಅನ್ನುವುದು ಅನ್ಯಾಯ. ಮೊದಲಿಗೆ ಹೆಂಗಸರು, ವಯಸ್ಸಾದವರು, ಮಕ್ಕಳ ಜೊತೆ ಬರುವವರು, ಇವರ ಜೊತೆ ಹಗಲಿನಲ್ಲಿ, ನಾಲ್ಕು ಜನರ ಎದುರಿಗೆ ಮಾತಾಡಿ. ಒಂದು ನಗುವಿನಿಂದ ನೀವು ಯಾರಿಗೂ ಏನೂ ಸಾಲ ಉಳಿಸಿಕೊಳ್ಳುವುದಿಲ್ಲ. ಯಾರಾದರೂ ಮತ್ತೆ ಕಾದು ನಿಂತರೆ ಮಾತು ನಿಲ್ಲಿಸಿ, ಮುಖ ತಿರುಗಿಸಿ, ಅದೇ ದಿನ ಮನೆಯವರಿಗೂ ಸೆಕ್ಯೂರಿಟಿಯವರಿಗೂ ಹೇಳಿ. ಮುಂದುವರಿದರೆ ಪೊಲೀಸರಿಗೆ ತಿಳಿಸಲು ಹಿಂಜರಿಯಬೇಡಿ. ಇದನ್ನು ಓದುತ್ತಿರುವ ಗಂಡಸರಿಗೂ ಒಂದು ಮಾತು: ಲಿಫ್ಟ್‌ನಲ್ಲಿ ಅಥವಾ ಕತ್ತಲಾದ ಮೇಲೆ ಒಂಟಿ ಹೆಂಗಸು ಎದುರಾದರೆ ಮಾತಾಡಿಸದೆ ಸ್ವಲ್ಪ ದೂರ ಬಿಟ್ಟು ನಿಲ್ಲುವುದೇ ಒಳ್ಳೆಯ ನೆರೆಹೊರೆತನ.

ಇದರ ಮಿತಿಯನ್ನೂ ಹೇಳಿಬಿಡುತ್ತೇನೆ. ಮುಖಪರಿಚಯ ಬೆಳೆದರೆ "ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಅನ್ನುವುದು ಬೀದಿಯ ಮಟ್ಟಿಗೆ ಕಡಿಮೆಯಾಗುತ್ತದೆ. ಕಷ್ಟ ಹೇಳಿಕೊಳ್ಳುವ ಗೆಳತಿಯ ಜಾಗವನ್ನು ಅದು ತುಂಬುವುದಿಲ್ಲ. ಅದಕ್ಕೆ ವಾರ ವಾರ ಅದೇ ಜನ ಸೇರುವ ಒಂದು ತರಗತಿಯೋ ಗುಂಪೋ ಬೇಕು, ಹೆಚ್ಚು ತಿಂಗಳುಗಳೂ ಬೇಕು. ಇನ್ನು ಮನೆಯೊಳಗೂ, ನಿಮ್ಮವರ ನಡುವೆ ಇದ್ದಾಗಲೂ ಹಾಗೇ ಅನ್ನಿಸುತ್ತಿದ್ದರೆ, ನಿದ್ದೆ ಊಟ ಕೆಟ್ಟು ಎರಡು ವಾರಕ್ಕಿಂತ ಜಾಸ್ತಿ ಆಗಿದ್ದರೆ, ಅದು ನಗರದ ವಿಷಯ ಅಂತ ಬಿಡಬೇಡಿ. ಒಬ್ಬ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.

ಊರಲ್ಲಿ ಬಂದ ಮಾತಿಗೆ ಇಷ್ಟು ಹೇಳಬಲ್ಲೆ. ನೀವು ಬದಲಾಗಿಲ್ಲ, ನಿಮ್ಮ ಕಣ್ಣು ನಗರದ ಅಭ್ಯಾಸವನ್ನು ಊರಿಗೂ ತೆಗೆದುಕೊಂಡು ಹೋಯಿತು. ಆದರೆ ಅಲ್ಲಿ ಅದಕ್ಕೆ ಬೇರೆ ಅರ್ಥ, ಹಾಗಾಗಿ ಅವರ ಬೇಜಾರೂ ತಪ್ಪಲ್ಲ. ಮುಂದಿನ ಸಲ ಬಸ್ಸಿಳಿದ ಕೂಡಲೇ ಫೋನ್ ಬ್ಯಾಗಿನೊಳಗೆ ಹಾಕಿ, ನಿಧಾನವಾಗಿ ನಡೆಯಿರಿ. ಆ ದಿನ ಯಾರನ್ನು ದಾಟಿ ಹೋದಿರಿ ಅಂತ ಗೊತ್ತಾದರೆ ಅವರ ಮನೆಗೇ ಹೋಗಿ, "ಅವತ್ತು ನಿಮ್ಮನ್ನು ನೋಡಲೇ ಇಲ್ಲ, ತಪ್ಪು ತಿಳಿಯಬೇಡಿ" ಅಂತ ನೇರವಾಗಿ ಹೇಳಿಬಿಡಿ.